ಚೆಂಡೆಯ ಕೋಲು, ಚೆಂಡೆಯ ಸದ್ದು: ಫೋನ್ ವಿಡಿಯೊಗೆ ಬೇರೆ ಆಡಿಯೊ ಹೊಂದಿಸುವುದು ಹೇಗೆ?

ಕಳೆದ ಬೇಸಗೆಯಲ್ಲಿ ನಮ್ಮೂರ ಗದ್ದೆಯಲ್ಲಿ ಒಂದು ಬಯಲಾಟ ಇತ್ತು. ಸಂಜೆ 7ಕ್ಕೆ ಶುರುವಾದ ಕಾಲಮಿತಿ ಆಟ. ಮೈಕ್‌ನವರ ಹತ್ತಿರ ಕೇಳಿಕೊಂಡು, ಅವರ ಮಿಕ್ಸರಿಗೆ ನನ್ನ ಸಣ್ಣ ರೆಕಾರ್ಡರ್ ಸಿಕ್ಕಿಸಿದ್ದೆ. ಭಾಗವತರ ಪದ್ಯ, ಮದ್ದಳೆ, ಚೆಂಡೆ, ವೇಷಧಾರಿಗಳ ಅರ್ಥ ಎಲ್ಲವೂ ಅಚ್ಚುಕಟ್ಟಾಗಿ ಸಿಕ್ಕಿದವು. ಆದರೆ ವಿಡಿಯೊ ತೆಗೆಯಲು ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ಸಿಕ್ಕಿದ್ದು ಜನರ ನಡುವೆ ಕುರ್ಚಿಯಲ್ಲಿ ಕೂತು ಅಕ್ಕನ ಮಗ ಫೋನಿನಲ್ಲಿ ತೆಗೆದ 41 ನಿಮಿಷದ ವಿಡಿಯೊ. ಒಡ್ಡೋಲಗದಿಂದ ಹಿಡಿದು ಒಂದು ಯುದ್ಧದ ಸನ್ನಿವೇಶದವರೆಗೆ ಬಿಡದೆ ತೆಗೆದಿದ್ದ. ಕೈ ನಡುಗಿದೆ, ನಡುವೆ ಯಾರದೋ ತಲೆ ಅಡ್ಡ ಬಂದಿದೆ, ಧ್ವನಿಯಂತೂ ಒಡೆದ ಮಡಕೆಯ ಹಾಗೆ. ಆದರೂ ಆ ರಾತ್ರಿಯ ಆ ವೇಷದ ಚಿತ್ರ ಬೇರೆಲ್ಲೂ ಇಲ್ಲ.

ಎರಡನ್ನೂ ಎಡಿಟಿಂಗ್ ತಂತ್ರಾಂಶದಲ್ಲಿ ಒಂದರ ಕೆಳಗೊಂದು ಇಟ್ಟು ಅವನೇ ಹೊಂದಿಸಿದ. "ಸರಿಯಾಗಿ ಕೂತಿತು ಅಲ್ವಾ ಮಾವ?" ಎಂದ. ಮೊದಲ ಎರಡು ನಿಮಿಷ ಕೂತಿತ್ತು. ಕೊನೆಗೆ ಬರುವಷ್ಟರಲ್ಲಿ ವೇಷಧಾರಿಯ ಬಾಯಿ ಮುಚ್ಚಿದ ಮೇಲೂ ಮಾತು ಕೇಳುತ್ತಿತ್ತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಮೊದಲ ಎರಡು ನಿಮಿಷವೂ ಪೂರ್ತಿ ಸರಿ ಇರಲಿಲ್ಲ. ಚೆಂಡೆಯ ಕೋಲು ಚರ್ಮಕ್ಕೆ ಬಡಿದು ಮೇಲೆದ್ದ ನಂತರ ಪೆಟ್ಟಿನ ಸದ್ದು ಬರುತ್ತಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳಬೇಕು. ನಮ್ಮ ಕೈಯಲ್ಲಿ ಎರಡು ವಸ್ತು ಇದೆ ಎಂದು ನಮಗೆ ಅನಿಸುತ್ತದೆ: ಫೋನಿನ ವಿಡಿಯೊ ಮತ್ತು ರೆಕಾರ್ಡರಿನ ಆಡಿಯೊ. ನಿಜವಾಗಿ ಇರುವುದು ಮೂರು. ಫೋನಿನ ಚಿತ್ರ, ಫೋನಿನ ಧ್ವನಿ, ರೆಕಾರ್ಡರಿನ ಧ್ವನಿ. ರೆಕಾರ್ಡರಿನ ಧ್ವನಿಯನ್ನು ನಾವು ಹೋಲಿಸುವುದು ಫೋನಿನ ಧ್ವನಿಯ ಜೊತೆ. ಆದರೆ ಕೊನೆಗೆ ಅದು ಕೂರಬೇಕಾದದ್ದು ಫೋನಿನ ಚಿತ್ರದ ಮೇಲೆ. ಫೋನಿನ ಧ್ವನಿ ನಡುವಿನ ಸೇತುವೆ ಮಾತ್ರ, ಮತ್ತು ಆ ಸೇತುವೆಯೇ ಸ್ವಲ್ಪ ಓರೆಯಾಗಿರುತ್ತದೆ. ಎಲ್ಲಿ ಓರೆ, ಎಷ್ಟು ಓರೆ ಎಂದು ಕಂಡುಹಿಡಿಯುವುದೇ ಈ ಕೆಲಸದ ಬಹುಪಾಲು.

ಮೊದಲು ಫೈಲ್ ಸರಿ ಇದೆಯಾ ನೋಡಿ

ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದ ಫೈಲ್ ಬೇಡ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಯಾವಾಗ ತೆಗೆದದ್ದು ಎಂಬ ಮಾಹಿತಿಯನ್ನೂ ಅಳಿಸುತ್ತದೆ. ಕೇಬಲ್ ಹಾಕಿ ಮೂಲ ಫೈಲನ್ನೇ ತೆಗೆದುಕೊಳ್ಳಿ. ಅದಾಗದಿದ್ದರೆ ಡ್ರೈವ್‌ಗೆ ಹಾಕಿಸಿಕೊಳ್ಳಿ.

ಮುಂದಿನದು ಫ್ರೇಮಿನ ವಿಷಯ. ಫೋನ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಬರೆದಿರುತ್ತದೆ. ಆದರೆ ಅದು ಅಷ್ಟೇ ತೆಗೆಯಬೇಕೆಂದಿಲ್ಲ. ಬೆಳಕು ಕಡಿಮೆಯಾದರೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಸಿಗಲಿ ಎಂದು ಫೋನ್ ತಾನಾಗಿಯೇ ಫ್ರೇಮುಗಳನ್ನು ಕಡಿಮೆ ಮಾಡುತ್ತದೆ. ಐಫೋನಿನಲ್ಲಿ ಇದಕ್ಕೆ Auto FPS ಎಂಬ ಆಯ್ಕೆಯೇ ಇದೆ. ಬಯಲಾಟದಲ್ಲಿ ಇದು ಆಗಾಗ ಆಗುತ್ತದೆ. ರಾಕ್ಷಸ ವೇಷದ ಪ್ರವೇಶಕ್ಕೆ ರಂಗಸ್ಥಳದ ದೀಪ ಇಳಿಸುತ್ತಾರೆ, ಫೋನ್ 24ಕ್ಕೆ ಇಳಿಯುತ್ತದೆ. ದೀಪ ಬಂದಾಗ ಮತ್ತೆ 30ಕ್ಕೆ ಏರುತ್ತದೆ.

ಫೋನಿನಲ್ಲೇ ನೋಡುವಾಗ ಇದರಿಂದ ತೊಂದರೆ ಇಲ್ಲ. ಪ್ರತಿ ಫ್ರೇಮ್ ಯಾವ ಹೊತ್ತಿಗೆ ತೋರಬೇಕು ಎಂದು ಫೈಲಿನೊಳಗೆ ಬರೆದಿರುತ್ತದೆ. ತೊಂದರೆ ಬರುವುದು ಎಡಿಟಿಂಗ್‌ನಲ್ಲಿ. ಕೆಲವು ತಂತ್ರಾಂಶಗಳು ಆ ಬರಹವನ್ನು ಬಿಟ್ಟು, ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿವೆ ಎಂದು ಲೆಕ್ಕ ಹಾಕುತ್ತವೆ. ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ನಮ್ಮ ವಿಡಿಯೊದ ಸರಾಸರಿ 29.9 ಫ್ರೇಮ್ ಇತ್ತು. 41 ನಿಮಿಷ ಅಂದರೆ 2460 ಸೆಕೆಂಡ್, ಒಟ್ಟು 73,554 ಫ್ರೇಮ್. ಅವನ್ನು ಸೆಕೆಂಡಿಗೆ 30ರಂತೆ ಓಡಿಸಿದರೆ 2451.8 ಸೆಕೆಂಡಿಗೇ ಮುಗಿದುಹೋಗುತ್ತದೆ. 29.9ಕ್ಕೂ 30ಕ್ಕೂ ಏನು ಮಹಾ ವ್ಯತ್ಯಾಸ ಅನಿಸಬಹುದು. ಕೊನೆಯಲ್ಲಿ ಅದು 8 ಸೆಕೆಂಡ್ ಆಗಿ ನಿಂತಿರುತ್ತದೆ.

ನಿಮ್ಮ ಫೈಲ್ ಹೇಗಿದೆ ಎಂದು ನೋಡಲು ffmpeg ಎಂಬ ಉಚಿತ ತಂತ್ರಾಂಶದ ಜೊತೆ ಬರುವ ಈ ಕಮಾಂಡ್ ಸಾಕು:

```
ffprobe -v error -select_streams v:0 -show_entries stream=r_frame_rate,avg_frame_rate phone.mp4
```

ಬರುವ ಎರಡು ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ಫ್ರೇಮುಗಳು ಏರಿಳಿದಿವೆ ಎಂದು ಅರ್ಥ. ಆಗ ಎಡಿಟಿಂಗ್ ಶುರು ಮಾಡುವ ಮೊದಲೇ ಅದನ್ನು ಸಮ ಮಾಡಿಕೊಳ್ಳಬೇಕು:

```
ffmpeg -i phone.mp4 -vf fps=30 -c:v libx264 -crf 16 -c:a pcm_s16le phone_cfr.mov
```

ಫ್ರೇಮ್ ಕಡಿಮೆ ಬಿದ್ದ ಕಡೆ ಹಿಂದಿನದನ್ನೇ ಇನ್ನೊಮ್ಮೆ ಇಟ್ಟು ಇದು ಸೆಕೆಂಡಿಗೆ ಸರಿಯಾಗಿ 30 ಮಾಡುತ್ತದೆ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಇನ್ನು ಮುಂದಿನ ಎಲ್ಲ ಅಳತೆಯೂ ಈ ಹೊಸ ಫೈಲಿನ ಮೇಲೆಯೇ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದವರು ಅಳೆದದ್ದನ್ನೇ ಮತ್ತೆ ಮತ್ತೆ ಅಳೆಯುತ್ತಾ ಕೂರಬೇಕಾಗುತ್ತದೆ, ಏಕೆಂದರೆ ತಪ್ಪು ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಸಿಗುತ್ತದೆ.

ಮಾತಿನಿಂದ ಜಾಗ, ಚೆಂಡೆಯಿಂದ ಕ್ಷಣ

ಈಗ ರೆಕಾರ್ಡರಿನ ಉದ್ದದ ಫೈಲಿನಲ್ಲಿ ಈ 41 ನಿಮಿಷ ಎಲ್ಲಿದೆ ಎಂದು ಹುಡುಕಬೇಕು. ಫೈಲಿನಲ್ಲಿ ಬರೆದ ಸಮಯ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ `creation_time` ಎಂದು ಕಾಣುವ ಸಮಯ ಸಾಮಾನ್ಯವಾಗಿ ಯುಟಿಸಿ ಲೆಕ್ಕದಲ್ಲಿರುತ್ತದೆ. ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ ಸೇರಿಸಬೇಕು. ಕೆಲವು ಫೋನುಗಳು ಅಲ್ಲಿ ವಿಡಿಯೊ ಶುರುವಾದ ಹೊತ್ತಿನ ಬದಲು ಮುಗಿದ ಹೊತ್ತನ್ನು ಬರೆಯುತ್ತವೆ ಎಂಬುದೂ ನೆನಪಿರಲಿ. ಹೇಗಿದ್ದರೂ ಒಂದೆರಡು ನಿಮಿಷ ಆಚೀಚೆ ಸಿಕ್ಕಿದರೆ ಸಾಕು.

ಇಲ್ಲಿಂದ ಮುಂದಕ್ಕೆ ತಂತ್ರಾಂಶಗಳು ತಾವೇ ಹೊಂದಿಸಿಕೊಡುತ್ತವೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲಿ ಫೋನಿನ ಕ್ಲಿಪ್ ಮೇಲೆ `Set Audio Reference` ಕೊಟ್ಟು, ರೆಕಾರ್ಡರಿನ ಕ್ಲಿಪ್ ಮೇಲೆ `Align Audio to Reference` ಕೊಟ್ಟರೆ ಆಯಿತು. ಒಳಗೆ ನಡೆಯುವುದು ಸರಳ ಕೆಲಸ. ಒಂದು ಧ್ವನಿಯನ್ನು ಇನ್ನೊಂದರ ಮೇಲೆ ಸ್ವಲ್ಪ ಸ್ವಲ್ಪವೇ ಜಾರಿಸುತ್ತಾ, ಪ್ರತಿ ಸಲವೂ ಏರಿಳಿತ ಎಷ್ಟು ಹೊಂದಿತು ಎಂದು ಅಂಕ ಕೊಡುವುದು. ಅತಿ ಹೆಚ್ಚು ಅಂಕ ಬಂದ ಜಾಗವೇ ಸರಿಯಾದ ಜಾಗ.

ಮಾತುಕತೆಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಚೆಂಡೆಗೆ ಹಾಗಲ್ಲ. ತಾಳ ಎಂದರೆ ಅದೇ ಪೆಟ್ಟುಗಳು ಅದೇ ಅಂತರದಲ್ಲಿ ಮತ್ತೆ ಮತ್ತೆ ಬರುವುದು ಅಲ್ವಾ? ಹಾಗಾಗಿ ಒಂದು ಆವರ್ತನೆ ಹಿಂದೆ ಇಟ್ಟರೂ, ಒಂದು ಆವರ್ತನೆ ಮುಂದೆ ಇಟ್ಟರೂ ಪೆಟ್ಟುಗಳು ಹೊಂದುತ್ತವೆ. ತಂತ್ರಾಂಶ ಇಂಥ ಜಾಗದಲ್ಲಿ ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ. ನೋಡುವವರಿಗೂ ತಕ್ಷಣ ಗೊತ್ತಾಗುವುದಿಲ್ಲ, ಏಕೆಂದರೆ ಕುಣಿತದ ಹೆಜ್ಜೆಗೆ ತಾಳ ಸರಿಯಾಗಿಯೇ ಬೀಳುತ್ತಿರುತ್ತದೆ. ಭಾಗವತರ ಬಾಯಿಯನ್ನೋ, ಕುಣಿತ ಮುಗಿದು ವೇಷಧಾರಿ ನಿಂತ ಗಳಿಗೆಯನ್ನೋ ನೋಡಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ.

ಅದಕ್ಕೇ ನಾನು ಎರಡು ಹಂತ ಮಾಡುತ್ತೇನೆ. ಮೊದಲು ಅರ್ಥ ಹೇಳುವ ಭಾಗವನ್ನು ಹಿಡಿಯುತ್ತೇನೆ. ಮಾತು ಅದೇ ರೀತಿ ಎರಡನೇ ಸಲ ಬರುವುದಿಲ್ಲ. ಒಂದು ವಾಕ್ಯ ಸಿಕ್ಕಿತು ಎಂದರೆ ಜಾಗ ಖಚಿತ. ಆದರೆ ಮಾತಿನ ಶುರು ಮೆತ್ತಗಿರುತ್ತದೆ, ಯಾವ ಮಿಲಿಸೆಕೆಂಡಿನಲ್ಲಿ 'ಎಲವೋ' ಎಂಬ ಪದ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಾಗಿ ಆ ವಾಕ್ಯದ ಆಚೀಚೆ ಇರುವ ಚೆಂಡೆಯ ಒಂದು ಒಂಟಿ ಪೆಟ್ಟನ್ನು ಹುಡುಕುತ್ತೇನೆ. ಮುಕ್ತಾಯದ ಕೊನೆಯ ಪೆಟ್ಟು ಇದಕ್ಕೆ ತುಂಬಾ ಒಳ್ಳೆಯದು. ಅದರ ನಂತರ ಕ್ಷಣಕಾಲ ಮೌನ ಇರುತ್ತದೆ, ಬೇರೆ ಪೆಟ್ಟಿನ ಜೊತೆ ಬೆರೆಯುವುದಿಲ್ಲ.

ಆ ಪೆಟ್ಟನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ದೊಡ್ಡದು ಮಾಡಿ ನೋಡಿದರೆ ರೆಕಾರ್ಡರಿನ ಧ್ವನಿಯಲ್ಲಿ ಕಡಿದ ಗೋಡೆಯ ಹಾಗೆ ನೇರವಾಗಿ ಏಳುತ್ತದೆ. ಫೋನಿನ ಧ್ವನಿ ಹಾಗಿರುವುದಿಲ್ಲ. ಸದ್ದು ಜಾಸ್ತಿಯಾದ ಕೂಡಲೇ ಫೋನ್ ಮೈಕಿನ ಮಟ್ಟವನ್ನು ತಾನೇ ಇಳಿಸುತ್ತದೆ, ಆಮೇಲೆ ನಿಧಾನವಾಗಿ ಏರಿಸುತ್ತದೆ. ಅದರಿಂದ ಇಡೀ ಧ್ವನಿಯ ಚಿತ್ರ ಇಟ್ಟಿಗೆಯ ಹಾಗೆ ಮೇಲೆ ಕೆಳಗೆ ಚಪ್ಪಟೆಯಾಗಿರುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಎರಡೂ ಧ್ವನಿಗಳ ನಕಲು ಮಾಡಿಕೊಂಡು, ಆ ನಕಲಿಗೆ ಸುಮಾರು 1500 ಹರ್ಟ್ಸ್‌ನ `High-Pass Filter` ಹಾಕಿ. ಜನರ ಗುಜುಗುಜು, ಮದ್ದಳೆಯ ಗುಮಕಿ, ಜನರೇಟರಿನ ಗುಂಯ್ ಎಲ್ಲ ಕೆಳಗಿಳಿದು ಕೋಲಿನ ಚಟ್ ಎಂಬ ಸದ್ದು ಮಾತ್ರ ಮೇಲೆ ಉಳಿಯುತ್ತದೆ. ಅಳತೆಗೆ ಈ ನಕಲು, ಕೇಳಲು ಮೂಲ.

ಫೋನಿನಲ್ಲಿ ಒಂದೇ ಪೆಟ್ಟು ಎರಡಾಗಿಯೂ ಕಾಣಬಹುದು. ರಂಗಸ್ಥಳದ ಎರಡೂ ಬದಿಯಲ್ಲಿ ಸ್ಪೀಕರ್ ಇರುತ್ತದಲ್ಲ, ಹತ್ತಿರದ್ದು ಮೊದಲು ಕೇಳುತ್ತದೆ, ದೂರದ್ದು ಆಮೇಲೆ. ಎರಡರ ನಡುವೆ 7 ಮೀಟರ್ ವ್ಯತ್ಯಾಸವಿದ್ದರೆ 20 ಮಿಲಿಸೆಕೆಂಡ್ ತಡ. ಯಾವಾಗಲೂ ಮೊದಲ ಅಂಚನ್ನೇ ಹಿಡಿಯಿರಿ, ಎರಡನೆಯದು ದೊಡ್ಡದಾಗಿ ಕಂಡರೂ.

ಎರಡು ಗಡಿಯಾರಗಳ ಜಗಳ

ನಮ್ಮ ಆಟದಲ್ಲಿ ಸಿಕ್ಕಿದ ಮೊದಲ ಗುರುತು ಫೋನಿನಲ್ಲಿ 2 ನಿಮಿಷ 10.000 ಸೆಕೆಂಡಿಗೆ ಇತ್ತು. ಅದೇ ಪೆಟ್ಟು ರೆಕಾರ್ಡರಿನಲ್ಲಿ 2 ಗಂಟೆ 16 ನಿಮಿಷ 41.350 ಸೆಕೆಂಡಿಗೆ. ಕೊನೆಯ ಗುರುತು ಫೋನಿನಲ್ಲಿ 39 ನಿಮಿಷ 40.000 ಸೆಕೆಂಡಿಗೆ, ರೆಕಾರ್ಡರಿನಲ್ಲಿ 2 ಗಂಟೆ 54 ನಿಮಿಷ 11.260 ಸೆಕೆಂಡಿಗೆ.

ಎರಡು ಗುರುತುಗಳ ನಡುವಿನ ಅಂತರ ಲೆಕ್ಕ ಹಾಕಿ. ಫೋನಿನ ಪ್ರಕಾರ ಸರಿಯಾಗಿ 2250 ಸೆಕೆಂಡ್. ರೆಕಾರ್ಡರಿನ ಪ್ರಕಾರ 2249.910. ಅದೇ ಆಟ, ಅದೇ ಎರಡು ಪೆಟ್ಟು, ಆದರೂ 90 ಮಿಲಿಸೆಕೆಂಡ್ ವ್ಯತ್ಯಾಸ.

ಇದು ಯಾವುದರ ಕೆಡುಕೂ ಅಲ್ಲ. ಪ್ರತಿ ಯಂತ್ರದೊಳಗೂ ಒಂದು ಸ್ಫಟಿಕದ ಗಡಿಯಾರ ಇದೆ. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯಬೇಕು ಎಂದು ಅದು ಹೇಳುತ್ತದೆ. ಆದರೆ ಎರಡು ಸ್ಫಟಿಕಗಳ ಸೆಕೆಂಡ್ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ ಕೆಲವು ಹತ್ತು ಪಾಲು ಆಚೀಚೆ ಇರುವುದು ಮಾಮೂಲು. ಇಲ್ಲಿ 2250 ಸೆಕೆಂಡಿಗೆ 0.090 ಎಂದರೆ ಹತ್ತು ಲಕ್ಷಕ್ಕೆ 40 ಪಾಲು. ಮೂರು ನಿಮಿಷದ ಹಾಡಿಗೆ ಇದರಿಂದ 7 ಮಿಲಿಸೆಕೆಂಡ್ ಮಾತ್ರ ತಪ್ಪುತ್ತದೆ, ಯಾರಿಗೂ ತಿಳಿಯುವುದಿಲ್ಲ. ನಲವತ್ತು ನಿಮಿಷಕ್ಕೆ ಸುಮಾರು ಮೂರು ಫ್ರೇಮ್ ಆಗುತ್ತದೆ. ಅಕ್ಕನ ಮಗನಿಗೆ ಶುರುವಿನಲ್ಲಿ ಸರಿ ಕಂಡು ಕೊನೆಯಲ್ಲಿ ತಪ್ಪು ಕಂಡಿದ್ದಕ್ಕೆ ಇದೂ ಒಂದು ಕಾರಣ, ಫ್ರೇಮಿನ ಏರಿಳಿತ ಇನ್ನೊಂದು.

ಸರಿಪಡಿಸಲು ರೆಕಾರ್ಡರಿನ ಧ್ವನಿಯನ್ನು 1.00004 ಪಟ್ಟು ಹಿಗ್ಗಿಸಬೇಕು. ಎಂದರೆ ಅಷ್ಟೇ ನಿಧಾನವಾಗಿ ಓಡಿಸಬೇಕು. ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಬೇಕಾದ 43 ನಿಮಿಷ ಕತ್ತರಿಸಿ, ವೇಗವನ್ನೂ ಒಟ್ಟಿಗೇ ಬದಲಿಸಬಹುದು:

```
sox clean.wav part.wav trim 2:14:00 43:00 speed 0.99996
```

ಇಲ್ಲಿ ಸಂಗೀತದವರಿಗೆ ಒಂದು ಅಳುಕು ಬರುತ್ತದೆ. ವೇಗ ಬದಲಿಸಿದರೆ ಶ್ರುತಿ ಇಳಿಯುವುದಿಲ್ಲವೇ? ಇಳಿಯುತ್ತದೆ. ಎಷ್ಟು ಎಂದರೆ ಹಾರ್ಮೋನಿಯಮ್‌ನ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಯಾವ ಭಾಗವತರ ಕಿವಿಗೂ ಅದು ಸಿಗುವುದಿಲ್ಲ. ಶ್ರುತಿ ಉಳಿಸಿಕೊಂಡು ವೇಗ ಮಾತ್ರ ಬದಲಿಸುವ ವಿಧಾನವೂ ಇದೆ. ಆದರೆ ಅದು ಧ್ವನಿಯನ್ನು ಚೂರು ಚೂರು ಮಾಡಿ ಮತ್ತೆ ಜೋಡಿಸುತ್ತದೆ. ಚೆಂಡೆಯ ಚೂಪಾದ ಪೆಟ್ಟುಗಳು ಅಲ್ಲಲ್ಲಿ ಮೊಂಡಾಗುತ್ತವೆ. ಇಷ್ಟು ಸಣ್ಣ ತಿದ್ದುಪಡಿಗೆ ಅದು ಬೇಡ.

ಹಿಗ್ಗಿಸಿದ ಮೇಲೆ ಮೊದಲ ಗುರುತನ್ನು ಮತ್ತೆ ಹೊಂದಿಸಿ, ಕೊನೆಯ ಗುರುತು ನೋಡಿ. ಆಮೇಲೆ ನಡುವೆ ಎಲ್ಲಾದರೂ ಮೂರನೇ ಗುರುತು ನೋಡಲೇಬೇಕು. ಎರಡು ಗಡಿಯಾರಗಳ ವ್ಯತ್ಯಾಸ ಮಾತ್ರ ಕಾರಣವಾಗಿದ್ದರೆ ತಪ್ಪು ಒಂದೇ ಸಮನೆ ಬೆಳೆದಿರುತ್ತದೆ, ಹಾಗಾಗಿ ನಡುವಿನ ಗುರುತೂ ತಾನಾಗಿ ಕೂರುತ್ತದೆ. ನಮ್ಮದು ಕೂತಿತು. ಕೂರದಿದ್ದರೆ ಅಲ್ಲಿ ಬೇರೆ ಏನೋ ನಡೆದಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಸದ್ದು ನಡೆದು ಬರುವ ದೂರ

ಈಗ ಎರಡು ಧ್ವನಿಗಳೂ ಶುರುವಿನಿಂದ ಕೊನೆಯವರೆಗೆ ಒಂದರ ಮೇಲೊಂದು ಅಂಟಿಕೊಂಡಿವೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಫೋನಿನ ಧ್ವನಿ ಮ್ಯೂಟ್ ಮಾಡಿ ವಿಡಿಯೊ ಹೊರತೆಗೆಯುತ್ತಾರೆ. ನೋಡಿದಾಗ ಏನೋ ಸರಿ ಇಲ್ಲ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಸರಿ ಇಲ್ಲದ್ದು ಇದು. ಅಕ್ಕನ ಮಗ ಕೂತಿದ್ದು ಸ್ಪೀಕರಿನಿಂದ ಸುಮಾರು 24 ಮೀಟರ್ ದೂರದಲ್ಲಿ. ಕೋಲು ಬಡಿದ ಚಿತ್ರ ಬೆಳಕಿನ ವೇಗದಲ್ಲಿ ಬಂದು ಅವನ ಫೋನಿಗೆ ತಲುಪಿತು. ಸದ್ದು ಗಾಳಿಯಲ್ಲಿ ನಡೆದು ಬರಬೇಕು. ನಮ್ಮ ಕರಾವಳಿಯ ಬೇಸಗೆ ರಾತ್ರಿಯ ಸುಮಾರು 27 ಡಿಗ್ರಿ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 347 ಮೀಟರ್. 24 ಮೀಟರ್ ಬರಲು 69 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಎರಡು ಫ್ರೇಮ್ ಕಳೆದಿರುತ್ತದೆ. ಹಾಗಾಗಿ ಅವನ ಫೋನಿನಲ್ಲಿ ಧ್ವನಿ ಚಿತ್ರಕ್ಕಿಂತ ಎರಡು ಫ್ರೇಮ್ ಹಿಂದೆಯೇ ದಾಖಲಾಗಿದೆ.

ಮಿಕ್ಸರಿನಿಂದ ತೆಗೆದ ಧ್ವನಿಗೆ ಈ ತಡ ಇಲ್ಲ. ಮೈಕಿಗೆ ಬಿದ್ದದ್ದು ತಂತಿಯಲ್ಲಿ ನೇರವಾಗಿ ಬಂದಿದೆ. ಆದರೆ ನಾವು ಆ ಧ್ವನಿಯನ್ನು ಫೋನಿನ ಧ್ವನಿಗೆ ಅಂಟಿಸಿದೆವು. ಅಂಟಿಸುವಾಗ ಫೋನಿನ ತಡವನ್ನೂ ಅದರ ತಲೆಗೆ ಕಟ್ಟಿದೆವು. ತಂತ್ರಾಂಶ ತಪ್ಪು ಮಾಡಿಲ್ಲ. ಅದಕ್ಕೆ ಹೇಳಿದ್ದು ಧ್ವನಿಗೆ ಧ್ವನಿ ಹೊಂದಿಸಲು, ಅದು ಹೊಂದಿಸಿದೆ. ಚಿತ್ರವನ್ನು ಅದು ನೋಡಿಯೇ ಇಲ್ಲ.

ಫೋನಿನ ಒಡಕು ಧ್ವನಿಯಲ್ಲಿ ಈ ತಡ ಯಾರಿಗೂ ಕಾಣುವುದಿಲ್ಲ, ಏಕೆಂದರೆ ಆ ಧ್ವನಿಯೇ ದೂರದ್ದು. ಗದ್ದೆಯ ಮೂಲೆಯಿಂದ ಕೇಳಿದ ಹಾಗೆ ಕೇಳುತ್ತದೆ, ತಡವಾಗಿ ಬಂದರೂ ಮನಸ್ಸು ಒಪ್ಪುತ್ತದೆ. ಶುದ್ಧ ಧ್ವನಿ ಕಿವಿಯ ಪಕ್ಕದಲ್ಲೇ ಇರುತ್ತದೆ. ಅದರ ಮೇಲೆ ಅವನು ಜೂಮ್ ಮಾಡಿ ಚೆಂಡೆಯವರನ್ನು ಹತ್ತಿರ ತಂದಿದ್ದಾನೆ. ಹತ್ತಿರದ ಚಿತ್ರ, ಹತ್ತಿರದ ಧ್ವನಿ, ನಡುವೆ 24 ಮೀಟರಿನ ತಡ. ಇದು ಕಣ್ಣಿಗೆ ಚುಚ್ಚುತ್ತದೆ.

ಪ್ರಸಾರದವರು ಇದಕ್ಕೆ ಅಳತೆ ಹಾಕಿಟ್ಟಿದ್ದಾರೆ. ಐಟಿಯು ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 1998ರ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಜನರಿಗೆ ಗೊತ್ತಾಗುತ್ತದೆ. ಹಿಂದೆ ಬಂದರೆ ಸುಮಾರು 125 ಮಿಲಿಸೆಕೆಂಡ್ ಆಗುವವರೆಗೆ ಗೊತ್ತಾಗುವುದಿಲ್ಲ. ಎರಡು ಕಡೆಗೂ ಒಂದೇ ಅಳತೆ ಇಲ್ಲದಿರುವುದು ಸಹಜವೇ. ದೂರದ ಕಲ್ಲುಕೋರೆಯಲ್ಲಿ ಸುತ್ತಿಗೆ ಬಿದ್ದ ಮೇಲೆ ಸದ್ದು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಸುತ್ತಿಗೆ ಬೀಳುವ ಮೊದಲೇ ಸದ್ದು ಬಂದದ್ದನ್ನು ಯಾರೂ ನೋಡಿಲ್ಲ. ಈ ಲೆಕ್ಕದಲ್ಲಿ 69 ಮಿಲಿಸೆಕೆಂಡ್ ತಡ ನಡೆಯುತ್ತದೆ ಎನ್ನಬಹುದು. ಅರ್ಥ ಹೇಳುವ ಭಾಗಕ್ಕೆ ನಾನೂ ಒಪ್ಪುತ್ತೇನೆ. ಚೆಂಡೆಗೆ ಒಪ್ಪುವುದಿಲ್ಲ. ಕೋಲು ಚರ್ಮಕ್ಕೆ ತಾಗುವುದು ಒಂದು ಫ್ರೇಮಿನ ಮಾತು, ಅದನ್ನು ನೋಡುವ ಕಣ್ಣಿಗೆ ಎರಡು ಫ್ರೇಮ್ ದೊಡ್ಡದು.

ಆದ್ದರಿಂದ ಧ್ವನಿಯನ್ನು ಎರಡು ಫ್ರೇಮ್ ಮುಂಚೆ ಎಳೆಯಬೇಕು, ಟೈಮ್‌ಲೈನಿನಲ್ಲಿ ಎಡಕ್ಕೆ. ಒಂದು ಎಚ್ಚರಿಕೆ: ಅಳೆಯಬೇಕಾದ ದೂರ ರಂಗಸ್ಥಳದಿಂದಲ್ಲ, ಫೋನಿಗೆ ಮೊದಲು ಸದ್ದು ತಲುಪಿಸಿದ ಸ್ಪೀಕರಿನಿಂದ. ಜನ ಜಾಸ್ತಿ ಸೇರುವ ಆಟಗಳಲ್ಲಿ ಹಿಂದಿನವರಿಗೂ ಕೇಳಲಿ ಎಂದು ಅಡಿಕೆ ಮರದ ಕಂಬಕ್ಕೆ ಹಾರ್ನ್ ಕಟ್ಟಿರುತ್ತಾರೆ. ಅದರ ಕೆಳಗೆ ಕೂತವನು ರಂಗಸ್ಥಳದಿಂದ 40 ಮೀಟರ್ ದೂರವಿದ್ದರೂ ಅವನ ಫೋನಿಗೆ ಸದ್ದು ಬಂದದ್ದು 4 ಮೀಟರಿನಿಂದ. ತಂತಿಯಲ್ಲಿ ಬಂದ ದೂರಕ್ಕೆ ತಡ ಇಲ್ಲ. ಅವನ ವಿಡಿಯೊದ ತಡ 12 ಮಿಲಿಸೆಕೆಂಡ್ ಮಾತ್ರ. ಅಲ್ಲಿ 40 ಮೀಟರಿನ ಲೆಕ್ಕ ಹಾಕಿ ಮೂರೂವರೆ ಫ್ರೇಮ್ ಎಳೆದರೆ, ಕೋಲು ಬೀಳುವ ಮೊದಲೇ ಸದ್ದು ಬರುತ್ತದೆ. ಅದು ತಡಕ್ಕಿಂತ ಕೆಟ್ಟದು.

ದೂರದ ಲೆಕ್ಕ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂದು ಹೇಳುತ್ತದೆ, ತೀರ್ಪು ಕಣ್ಣಿನದೇ. ಫೋನುಗಳು ಒಳಗೇ ಚಿತ್ರ ಮತ್ತು ಧ್ವನಿಯ ನಡುವೆ ಒಂದು ಫ್ರೇಮಿನಷ್ಟು ಆಚೀಚೆ ಮಾಡುವುದುಂಟು. ಆ ಫೋನ್ ಕೈಗೆ ಸಿಗುವುದಾದರೆ ಒಂದು ಮೀಟರ್ ದೂರದಲ್ಲಿ ಚಪ್ಪಾಳೆ ತಟ್ಟಿ, ಅದೇ ಸೆಟ್ಟಿಂಗ್‌ನಲ್ಲಿ ವಿಡಿಯೊ ತೆಗೆದು ನೋಡಿ. ಅಂಗೈ ಸೇರಿದ ಫ್ರೇಮಿಗೂ ಸದ್ದು ಎದ್ದ ಜಾಗಕ್ಕೂ ಎಷ್ಟು ಅಂತರ ಎಂದು ಗೊತ್ತಾಗುತ್ತದೆ. ಫೋನ್ ಸಿಗದಿದ್ದರೆ ಆಟದೊಳಗೇ ಹುಡುಕಬೇಕು. ಕೈ ನಡುಗದ, ಬೆಳಕು ಚೆನ್ನಾಗಿರುವ, ಹಿಮ್ಮೇಳ ಕಾಣುವ ನಾಲ್ಕೈದು ಸೆಕೆಂಡ್ ಎಲ್ಲಾದರೂ ಇದ್ದೇ ಇರುತ್ತದೆ. ಅಲ್ಲಿ ನಿಧಾನವಾದ ಒಂಟಿ ಪೆಟ್ಟು ಹಿಡಿದು ಒಂದೊಂದೇ ಫ್ರೇಮ್ ಸರಿಸಿ ನೋಡಿ. ವೇಗದ ಚೆಂಡೆಯಲ್ಲಿ ಕೋಲು ಮಸುಕು ಗೆರೆಯಾಗಿ ಕಾಣುತ್ತದೆ, ಅದನ್ನು ನಂಬಬೇಡಿ. ಒಂದೇ ಪೆಟ್ಟಿನಿಂದ ತೀರ್ಮಾನಿಸದೆ ನಾಲ್ಕೈದು ನೋಡಿ, ಏಕೆಂದರೆ ಕೋಲು ತಾಗಿದ ಕ್ಷಣ ಎರಡು ಫ್ರೇಮಿನ ನಡುವೆಯೂ ಬಿದ್ದಿರಬಹುದು. ನಮ್ಮದರಲ್ಲಿ ಐದು ಪೆಟ್ಟು ನೋಡಿದಾಗ ಎರಡು ಫ್ರೇಮೇ ಸರಿ ಎಂದು ಖಾತ್ರಿಯಾಯಿತು. ಅನುಮಾನ ಉಳಿದರೆ ಧ್ವನಿ ಸ್ವಲ್ಪ ತಡವಿರುವ ಕಡೆಗೇ ಬಿಡಿ.

ಈ ಪರೀಕ್ಷೆ ಮಾಡುವಾಗ ಬ್ಲೂಟೂತ್ ಹೆಡ್‌ಫೋನ್ ತೆಗೆದಿಡಿ. ಅದೇ ನೂರಿನ್ನೂರು ಮಿಲಿಸೆಕೆಂಡ್ ತಡ ಮಾಡಬಲ್ಲದು. ಅದನ್ನು ಹಾಕಿಕೊಂಡು ಹೊಂದಿಸಿದ ವಿಡಿಯೊ ಬೇರೆಯವರ ಟಿವಿಯಲ್ಲಿ ಪೂರ್ತಿ ಉಲ್ಟಾ ಆಗಿರುತ್ತದೆ. ತಂತಿಯ ಹೆಡ್‌ಫೋನೇ ಬೇಕು.

ಕೈ ನಡುಕದ ಬಗ್ಗೆ ಎರಡು ಮಾತು

ನಡುಕ ಕಡಿಮೆ ಮಾಡುವ ಕೆಲಸವನ್ನು ಎಲ್ಲ ಹೊಂದಿಸಿದ ಮೇಲೆ ಮಾಡಿ. ಮಾಡುವುದೂ ಅಷ್ಟೇ ಹಗುರವಾಗಿರಲಿ. ತಂತ್ರಾಂಶ ಚಿತ್ರದ ಬಹುಪಾಲು ಯಾವ ಕಡೆ ಸರಿಯಿತು ಎಂದು ನೋಡಿ, ಅದಕ್ಕೆ ವಿರುದ್ಧವಾಗಿ ಚಿತ್ರವನ್ನು ಸರಿಸುತ್ತದೆ. ಕಿರೀಟ ಹೊತ್ತ ವೇಷ ಚಿತ್ರದ ಅರ್ಧ ತುಂಬಿಕೊಂಡು ಗಿರ್ಕಿ ಹೊಡೆಯುವಾಗ ಅದಕ್ಕೆ ಮೋಸವಾಗುತ್ತದೆ. ವೇಷದ ಚಲನೆಯನ್ನೇ ಕೈ ನಡುಕ ಎಂದು ತಿಳಿದು ವೇಷವನ್ನು ನಡುವೆ ಹಿಡಿದಿಡಲು ನೋಡುತ್ತದೆ, ಹಿಂದಿನ ಪರದೆ, ಕಂಬ, ಟ್ಯೂಬ್‌ಲೈಟ್ ಎಲ್ಲ ತೂಗುಯ್ಯಾಲೆ ಆಡುತ್ತವೆ. ಇಂಥ ಕಡೆ ನಾನು ಸುಮ್ನೆ ಮೂಲ ಚಿತ್ರವನ್ನೇ ಇಡುತ್ತೇನೆ. ಒಳ್ಳೆಯ ಧ್ವನಿ ಇದ್ದರೆ ಜನ ಅಲುಗಾಡುವ ಚಿತ್ರವನ್ನು ಸಹಿಸುತ್ತಾರೆ.

ಜನರ ಸದ್ದು, ಮತ್ತು ಎರಡನೇ ಫೋನ್

ಮಿಕ್ಸರಿನ ಧ್ವನಿಯಲ್ಲಿ ಒಂದು ಕೊರತೆ ಇದೆ. ಅದರಲ್ಲಿ ಜನರಿಲ್ಲ. ಹಾಸ್ಯಗಾರರು ಒಂದು ಮಾತು ಹೇಳಿ ನಿಲ್ಲುತ್ತಾರೆ, ಯಾಕೆ ನಿಂತರು ಎಂದೇ ತಿಳಿಯುವುದಿಲ್ಲ. ಏಕೆಂದರೆ ಗದ್ದೆಯಿಡೀ ನಕ್ಕದ್ದು ರಂಗಸ್ಥಳದ ಮೈಕಿಗೆ ಬಿದ್ದೇ ಇಲ್ಲ. ಆ ನಗು ಇರುವುದು ಫೋನಿನಲ್ಲಿ. ಹಾಗಾಗಿ ಫೋನಿನ ಧ್ವನಿಯನ್ನು ಪೂರ್ತಿ ಮ್ಯೂಟ್ ಮಾಡದೆ, ಶುದ್ಧ ಧ್ವನಿಗಿಂತ 18 ಡೆಸಿಬೆಲ್‌ನಷ್ಟು ಕೆಳಗೆ ಇಡುತ್ತೇನೆ. ನಗು, ಚಪ್ಪಾಳೆ ಬರುವ ಕಡೆ ಸ್ವಲ್ಪ ಏರಿಸುತ್ತೇನೆ.

ಹೀಗೆ ಮಾಡುವುದಾದರೆ ದೂರದ ತಿದ್ದುಪಡಿಯಲ್ಲಿ ಒಂದು ಬದಲಾವಣೆ ಬೇಕು. ಶುದ್ಧ ಧ್ವನಿಯನ್ನು ಮಾತ್ರ ಎರಡು ಫ್ರೇಮ್ ಎಡಕ್ಕೆ ಎಳೆದರೆ, ಫೋನಿನ ಧ್ವನಿ ಅದರ ಹಿಂದೆ 67 ಮಿಲಿಸೆಕೆಂಡ್ ಉಳಿಯುತ್ತದೆ. ಪ್ರತಿ ಪೆಟ್ಟಿಗೂ ಬಾವಿಯೊಳಗೆ ಕೂಗಿದ ಹಾಗೆ ಮರುದನಿ ಕೇಳುತ್ತದೆ. ಆದ್ದರಿಂದ ಎರಡು ಧ್ವನಿಗಳನ್ನೂ ಒಟ್ಟಿಗೆ ಕಟ್ಟಿ, ಚಿತ್ರದಿಂದ ಬಿಡಿಸಿ, ಜೋಡಿಯಾಗಿಯೇ ಎಳೆಯಬೇಕು. ಜನರ ಧ್ವನಿಗೆ ಒಂದೇ ಫೋನ್ ಇರಲಿ. ಎರಡು ಫೋನುಗಳ ಧ್ವನಿ ಬೆರೆಸಿದರೆ ಮೂರು ಸ್ಪೀಕರಿನ ದೂರಗಳು ಸೇರಿ ಮತ್ತೆ ಗೊಜ್ಜಾಗುತ್ತದೆ.

ಇನ್ನು ಮೂರನೇ ಗುರುತು ಕೂರದ ಕಥೆ. ಪಕ್ಕದ ಮನೆಯ ಅಣ್ಣ 18 ನಿಮಿಷದ ಇನ್ನೊಂದು ವಿಡಿಯೊ ಕೊಟ್ಟರು. ಹಾರ್ನ್ ಕಟ್ಟಿದ ಕಂಬದ ಬುಡದಲ್ಲಿ ಕೂತಿದ್ದವರು ಅವರೇ. ಮೊದಲ ಗುರುತು ಹೊಂದಿತು. ನಡುವಿನದು 12 ಮಿಲಿಸೆಕೆಂಡ್ ತಪ್ಪಿತ್ತು. ಕೊನೆಯದು 430! ಗಡಿಯಾರದ ವ್ಯತ್ಯಾಸ ಹೀಗೆ ಬೆಳೆಯುವುದಿಲ್ಲ. ಎರಡನೇ ಅರ್ಧದಲ್ಲಿ ಎಲ್ಲೋ ಫೋನ್ ಒಂದು ಚೂರು ಧ್ವನಿಯನ್ನು ಕೈಬಿಟ್ಟಿದೆ. ಇಂಥದ್ದನ್ನು ಹಿಗ್ಗಿಸಿ ಸರಿ ಮಾಡಲು ಹೋದರೆ ಇಡೀ ವಿಡಿಯೊ ಹಾಳಾಗುತ್ತದೆ.

ಅರ್ಧ ಅರ್ಧ ಮಾಡಿ ಹುಡುಕುವುದೇ ಇದಕ್ಕೆ ದಾರಿ. ಉಳಿದ 9 ನಿಮಿಷದ ನಡುವೆ ಒಂದು ಪೆಟ್ಟು ನೋಡಿದೆ, ಅಲ್ಲಿ ಸರಿ ಇತ್ತು. ಮುಂದಿನ ನಾಲ್ಕೂವರೆ ನಿಮಿಷದ ನಡುವೆ ನೋಡಿದೆ, ಅಲ್ಲಿ ತಪ್ಪಿತ್ತು. ಹೀಗೆ ನಾಲ್ಕು ಸಲ ನೋಡುವಷ್ಟರಲ್ಲಿ ಅರ್ಧ ನಿಮಿಷದ ಜಾಗಕ್ಕೆ ಬಂದೆ. ಅಲ್ಲಿ ಚಿತ್ರ ಒಮ್ಮೆ ತಡೆದು ಜಿಗಿದಿತ್ತು. ಕೇಳಿದಾಗ ಅಣ್ಣ ಹೇಳಿದರು, "ಆಗ ಫೋನ್ ತುಂಬಿತು ಅಂತ ಬಂತು ಮಾರಾಯ, ಒತ್ತಿ ತೆಗೆದೆ." ಆ ಜಿಗಿತದ ಹತ್ತಿರ ಕ್ಲಿಪ್ಪನ್ನು ಎರಡು ಮಾಡಿ, ಎರಡನೇ ತುಂಡನ್ನು ಬೇರೆಯಾಗಿ ಹೊಂದಿಸಿದೆ. ನಡುವೆ ಉಳಿದ ಅರ್ಧ ಸೆಕೆಂಡಿನ ಖಾಲಿ ಜಾಗಕ್ಕೆ ಅಕ್ಕನ ಮಗನ ಚಿತ್ರ ಹಾಕಿದೆ.

ಎರಡು ಚಿತ್ರಗಳಿಗೂ ಕೆಳಗೆ ಹರಿಯುವುದು ಒಂದೇ ಧ್ವನಿ. ಹಾಗಾಗಿ ಅಣ್ಣನ ಚಿತ್ರ ಇದ್ದಲ್ಲೇ ಇರಬೇಕು, ಅಕ್ಕನ ಮಗನ ಚಿತ್ರ ಎರಡು ಫ್ರೇಮ್ ಬಲಕ್ಕೆ ಸರಿಯಬೇಕು. ಧ್ವನಿಯನ್ನು ಎಡಕ್ಕೆ ಎಳೆಯುವುದೂ ಚಿತ್ರವನ್ನು ಬಲಕ್ಕೆ ತಳ್ಳುವುದೂ ಒಂದೇ ಲೆಕ್ಕ. ಅವನ ನಗುವಿನ ಧ್ವನಿ ಶುದ್ಧ ಧ್ವನಿಯ ಜೊತೆಗೇ ನಿಲ್ಲುತ್ತದೆ. ಸರಿಸಿದ ಮೇಲೆ ಯುದ್ಧದ ಪದ್ಯದ ನಡುವೆ ಒಂದು ಫೋನಿನಿಂದ ಇನ್ನೊಂದಕ್ಕೆ ಕತ್ತರಿಸಿ ನೋಡಿದೆವು. ದೂರದ ಚಿತ್ರದಲ್ಲಿ ಎತ್ತಿದ ಕೋಲು ಹತ್ತಿರದ ಚಿತ್ರದಲ್ಲಿ ಬಿತ್ತು, ಪೆಟ್ಟು ಆಗಲೇ ಕೇಳಿತು.